ಬೀಪ್ ಟೆಸ್ಟ್: 8.10 ಓಡಿದ ಹುಡುಗಿಗೆ ಶೀಟ್‌ನಲ್ಲಿ 1240 ಮೀಟರ್, ವಾಚ್‌ನಲ್ಲಿ ಬೇರೆಯೇ ಲೆಕ್ಕ

ಪಿಟಿ ಮೇಷ್ಟ್ರು:
ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ 20 ಮೀಟರ್ ಬೀಪ್ ಟೆಸ್ಟ್ ಮಾಡಿಸಿದೆ. ಬೀಪ್ ಒಳಗೆ ಆಚೆ ಗೆರೆ ಮುಟ್ಟುವ 20 ಮೀಟರ್‌ನ ಒಂದೊಂದು ಓಟ ಒಂದು ಶಟಲ್, ವೇಗ ಏರುವ ಒಂದೊಂದು ಹಂತ ಒಂದು ಲೆವೆಲ್. ಲೆವೆಲ್, ಶಟಲ್ ಎರಡನ್ನೂ ಸೇರಿಸಿ ಒಂದೇ ಕಾಲಂನಲ್ಲಿ ಹಾಕಿದ್ದೇವೆ. 7.4, 8.2, 8.10, ಹೀಗೆ. ಅದರಿಂದ ವೇಗ ಮತ್ತು ಒಟ್ಟು ದೂರ ತೆಗೆಯಬೇಕು. ಚೆನ್ನಾಗಿ ಓಡುವ ಹುಡುಗಿ ಒಬ್ಬಳು 8.10 ತನಕ ಹೋದಳು. ಶೀಟ್ ಅವಳಿಗೆ 1240 ಮೀಟರ್ ಕೊಡುತ್ತಿದೆ. 8.2ಕ್ಕೆ ನಿಂತವಳಿಗೆ 1260! 8.10 ಓಡಿದವಳ ಕೈಯಲ್ಲಿದ್ದ ಜಿಪಿಎಸ್ ವಾಚ್ ಮಾತ್ರ 1.38 ಕಿ.ಮೀ., 8 ನಿಮಿಷ 22 ಸೆಕೆಂಡ್, ಸರಾಸರಿ 9.9 ಕಿ.ಮೀ. ವೇಗ ಅನ್ನುತ್ತಿದೆ. ಫೋನಿನ ಆ್ಯಪ್ ಪ್ರಕಾರ ಅವಳ ವೇಗ 12. ಯಾವುದನ್ನು ನಂಬೋದು?

ಲೆಕ್ಕದ ಮಂಜ:
ಇದು ಸುಲಭ ಸರ್. ಒಂದು ಲೆವೆಲ್ ಅಂದ್ರೆ ಒಂದು ನಿಮಿಷ. ಲೆವೆಲ್ 8ರಲ್ಲಿ ವೇಗ ಗಂಟೆಗೆ 12 ಕಿ.ಮೀ., ಅಂದರೆ ನಿಮಿಷಕ್ಕೆ 200 ಮೀಟರ್, ಹತ್ತು ಶಟಲ್. ಪ್ರತಿ ಲೆವೆಲ್‌ಗೂ ಹೀಗೇ ಮಾಡಿ ಕೂಡಿಸಿಕೊಂಡು ಹೋಗಿ. ಟೇಬಲ್ ಗೀಬಲ್ ಏನೂ ಬೇಡ.

ಶಿರಸಿ ಓಟಗಾರ್ತಿ:
ಮಂಜಣ್ಣ, ವೇಗದ ಲೆಕ್ಕ ಸರಿ ಇದೆ, ದೂರದ್ದು ಕೈಕೊಡುತ್ತದೆ. ನಿಮಿಷ ಮುಗಿದ ಕೂಡಲೇ ನಡುದಾರಿಯಲ್ಲಿ ಲೆವೆಲ್ ಬದಲಾಗುವುದಿಲ್ಲ. ಓಡುವವರು ಗೆರೆ ಮುಟ್ಟುವ ಬೀಪ್‌ನಲ್ಲೇ ಬದಲಾಗಬೇಕು. ಹಾಗಾಗಿ ಒಂದು ಲೆವೆಲ್‌ನಲ್ಲಿ ಎಷ್ಟು ಶಟಲ್ ಅನ್ನುವುದು ಯಾವಾಗಲೂ ಪೂರ್ತಿ ಸಂಖ್ಯೆ. ಹೆಚ್ಚಾಗಿ ಬಳಸುವ ರೆಕಾರ್ಡಿಂಗ್‌ನಲ್ಲಿ ನಿಮಿಷ ದಾಟಿಸುವ ಶಟಲ್ ಕೂಡ ಅದೇ ಲೆವೆಲ್‌ಗೆ ಸೇರುತ್ತದೆ. ಅದರಲ್ಲಿ ಲೆವೆಲ್ 4ಕ್ಕೆ 9 ಶಟಲ್, ಲೆವೆಲ್ 8ಕ್ಕೆ 11.

ಮೇಷ್ಟ್ರೇ, ನಿಮ್ಮ ಶೀಟ್‌ನ ತೊಂದರೆ ಬೇರೆ. 8.10 ಅಂತ ಒತ್ತಿದರೆ ಶೀಟ್ ಅದನ್ನು ದಶಾಂಶ ಸಂಖ್ಯೆ ಅಂದುಕೊಂಡು ಕೊನೆಯ ಸೊನ್ನೆ ಬಿಟ್ಟುಬಿಡುತ್ತದೆ. ಉಳಿಯೋದು 8.1. ಹತ್ತನೇ ಶಟಲ್ ಓಡಿದವಳು ಮೊದಲನೇ ಶಟಲ್‌ಗೆ ಬಂದು ಬಿದ್ದಳು, 180 ಮೀಟರ್ ಹೋಯಿತು. 8.11 ಓಡಿದವರಿದ್ದರೆ ಅವರೂ 8.2ರ ಕೆಳಗೇ ಕೂರುತ್ತಾರೆ. ಹಾಗಂತ 8/10 ಅಂತ ಹಾಕಲು ಹೋಗಬೇಡಿ, ಶೀಟ್ ಅದನ್ನು ತಾರೀಕು ಮಾಡಿಬಿಡುತ್ತದೆ.

ಎರಡು ಕಾಲಂ ಮಾಡಿ. A ಕಾಲಂನಲ್ಲಿ ಲೆವೆಲ್, B ಕಾಲಂನಲ್ಲಿ ಆ ಲೆವೆಲ್‌ನ ಶಟಲ್. G ಕಾಲಂನಲ್ಲಿ ಎರಡನೇ ಸಾಲಿನಿಂದ ಶುರು ಮಾಡಿ 1ರಿಂದ 12 ಬರೆದು, ಪಕ್ಕದ H ಕಾಲಂನಲ್ಲಿ ಆಯಾ ಲೆವೆಲ್ ಶುರುವಾಗುವ ಮೊದಲೇ ಓಡಿ ಮುಗಿಸಿದ ಮೀಟರ್ ಹಾಕಿ: 0, 140, 300, 460, 640, 820, 1020, 1220, 1440, 1660, 1880, 2120. ಆಮೇಲೆ C ವೇಗಕ್ಕೆ, D ದೂರಕ್ಕೆ:

```
C2: =IF(A2=1, 8, 8+A2*0.5)
D2: =VLOOKUP(A2, $G$2:$H$13, 2, FALSE) + B2*20
```

ನಿಮ್ಮ ಹುಡುಗಿಯದೇ ನೋಡಿ. ಏಳು ಲೆವೆಲ್ ಮುಗಿಯುವಾಗ 1220 ಮೀಟರ್. ಎಂಟರಲ್ಲಿ ಹತ್ತು ಶಟಲ್, 200 ಮೀಟರ್. ಒಟ್ಟು 1420.

ವೇಗದ ವಿಷಯಕ್ಕೆ ಬಂದರೆ ಆ್ಯಪ್, ವಾಚ್ ಎರಡೂ ಸುಳ್ಳು ಹೇಳುತ್ತಿಲ್ಲ. ಆ್ಯಪ್ ಕೊಡುವುದು ಅವಳು ಕೊನೆಗೆ ಮುಟ್ಟಿದ ವೇಗ, 12. ವಾಚ್ ಕೊಡುವುದು ಶುರುವಿನ ನಿಧಾನದ ಲೆವೆಲ್‌ಗಳೂ ಸೇರಿದ ಸರಾಸರಿ. 1420 ಮೀಟರನ್ನು 8 ನಿಮಿಷ 22 ಸೆಕೆಂಡ್‌ನಿಂದ ಭಾಗಿಸಿದರೆ ಗಂಟೆಗೆ ಸುಮಾರು 10.2 ಕಿ.ಮೀ. ಬರಬೇಕು. ವಾಚ್‌ನಲ್ಲಿ 9.9 ಇರೋದು ಅದು ದೂರವನ್ನೇ ಕಡಿಮೆ ಹಿಡಿದಿದ್ದಕ್ಕೆ. 71 ಶಟಲ್‌ನಲ್ಲಿ 70 ಸಲ ಗಿರಕ್ಕನೆ ತಿರುಗುತ್ತಾಳೆ. ಜಿಪಿಎಸ್ ಆ ತಿರುವುಗಳನ್ನು ಸವರಿಬಿಡುತ್ತದೆ. ದೂರಕ್ಕೆ ಟೇಪು ಹಿಡಿದು ಅಳೆದ ಗೆರೆ, ಎಣಿಸಿದ ಶಟಲ್, ಇವೆರಡನ್ನೇ ನಂಬಿ.

ಪಿಟಿ ಮೇಷ್ಟ್ರು:
ಎರಡು ಕಾಲಂ ಮಾಡಿದೆ ಮೇಡಂ, ಅವಳಿಗೆ 1420 ಬಂತು. ಆದರೆ ಹಳೇ ಶೀಟ್‌ನಲ್ಲಿ 8.1 ಅಂತ ಇನ್ನೂ ಮೂರು ಮಕ್ಕಳಿದ್ದಾರೆ. ಅವರಲ್ಲಿ ಯಾರು 8.1, ಯಾರು 8.10? ಎರಡು ದಶಾಂಶ ತೋರಿಸು ಅಂದರೆ ಎಲ್ಲರಿಗೂ 8.10 ಆಗುತ್ತಿದೆ.

ಶಿರಸಿ ಓಟಗಾರ್ತಿ:
ಶೀಟ್‌ನೊಳಗೆ ಇನ್ನು ಅದು ಸಿಗಲ್ಲ. ಮೈದಾನದಲ್ಲಿ ಬರೆದುಕೊಂಡ ಕಾಗದ ಇದ್ದರೆ ನೋಡಿ. ಅದಿಲ್ಲದಿದ್ದರೆ ನಿಂತ ಸಮಯ ಗೊತ್ತಿದ್ದರೂ ಸಾಕು. 8.1 ಮುಗಿಯೋದು 7 ನಿಮಿಷ 28 ಸೆಕೆಂಡ್‌ಗೆ, 8.10 ಮುಗಿಯೋದು 8:22ಕ್ಕೆ. ನಡುವೆ 54 ಸೆಕೆಂಡ್ ಇದೆ, ಗೊಂದಲ ಆಗಲ್ಲ. ಎರಡೂ ಇಲ್ಲ ಅಂದ್ರೆ ಆ ಮೂವರನ್ನು ಮತ್ತೆ ಓಡಿಸಬೇಕು ಅಷ್ಟೇ.

ಖಾಕಿ ಕನಸು:
ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನಾನು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಮೇಡಂ ಟೇಬಲ್ ಪ್ರಕಾರ ಲೆವೆಲ್ 9 ಮುಗಿಸಿದರೆ 1660 ಮೀಟರ್. ನಾನು 9 ಮುಗಿಸ್ತೀನಿ. ಅಂದ್ರೆ 1600 ಪಾಸ್ ಅಲ್ವಾ?

ಶಿರಸಿ ಓಟಗಾರ್ತಿ:
ಅಲ್ಲಪ್ಪಾ. ದೂರ ಹತ್ತಿರ ಬಂತು ಅಂತ ಸಮಯ ಮರೆತರೆ ಹೇಗೆ? ಲೆವೆಲ್ 9 ಮುಗಿಯಲು ಒಂಬತ್ತೂವರೆ ನಿಮಿಷ ಬೇಕು. ಅಲ್ಲಿ ನಿನ್ನ ಕೊನೆಯ ವೇಗ 12.5. ಆರೂವರೆ ನಿಮಿಷದಲ್ಲಿ 1600 ಅಂದರೆ ಮೊದಲಿಂದ ಕೊನೆವರೆಗೆ ಗಂಟೆಗೆ 14.8 ಕಿ.ಮೀ. ಹತ್ತಿರ ಓಡಬೇಕು.

ಲೆಕ್ಕದ ಮಂಜ:
ಹಾಗಾದ್ರೆ 14.8 ಬರೋದು ಲೆವೆಲ್ 13, 14ರ ನಡುವೆ. ಅವನು ಅಲ್ಲಿಗೆ ಮುಟ್ಟಿದರೆ ಪಾಸ್ ಅನ್ನಬಹುದಲ್ಲ?

ಶಿರಸಿ ಓಟಗಾರ್ತಿ:
ನೇರ ಹಾಗೆ ಅನ್ನೋಕಾಗಲ್ಲ. ಶಟಲ್‌ನಲ್ಲಿ ಪ್ರತಿ ಗೆರೆಯಲ್ಲೂ ನಿಂತು, ತಿರುಗಿ, ಮತ್ತೆ ವೇಗ ಹಿಡಿಯಬೇಕು. 12 ಅನ್ನುವುದು ಆ ನಿಲ್ಲುವಿಕೆಯೂ ಸೇರಿದ ವೇಗ. ಗೆರೆಗಳ ನಡುವೆ ಅದಕ್ಕಿಂತ ಜೋರಾಗೇ ಓಡುತ್ತಿರುತ್ತಾರೆ. ಟ್ರ್ಯಾಕ್‌ನಲ್ಲಿ ಆ ಖರ್ಚಿಲ್ಲ. ಆದರೆ ಅಲ್ಲಿ ಒಂದೇ ವೇಗವನ್ನು ಆರೂವರೆ ನಿಮಿಷ ಹಿಡಿದಿರಬೇಕು. ಒಂದು ಸಲಕ್ಕೆ ಟ್ರ್ಯಾಕ್‌ಗೆ ಹೋಗಿ 1600 ಓಡಿ ನೋಡಲಿ, ಬೀಪ್ ಟೆಸ್ಟ್‌ಗಿಂತ ಅದೇ ಸರಿಯಾದ ಉತ್ತರ ಕೊಡುತ್ತದೆ.

ಪಿಟಿ ಮೇಷ್ಟ್ರು:
ಇನ್ನೊಂದು ಅನುಮಾನ. ಪಕ್ಕದ ಶಾಲೆಯವರ ಆಡಿಯೋದಲ್ಲಿ ಲೆವೆಲ್ 4 ಎಂಟೇ ಶಟಲ್‌ಗೆ ಮುಗಿಯುತ್ತಂತೆ. ನಮ್ಮದರಲ್ಲಿ ಒಂಬತ್ತು. ಎರಡೂ ಶಾಲೆಯ ಮಕ್ಕಳನ್ನು ಹೋಲಿಸಬಹುದಾ?

ಶಿರಸಿ ಓಟಗಾರ್ತಿ:
ಒಳ್ಳೆ ಪ್ರಶ್ನೆ. ಒಂದಕ್ಕಿಂತ ಹೆಚ್ಚು ರೆಕಾರ್ಡಿಂಗ್ ಇವೆ. ಕೆಲವದರಲ್ಲಿ ನಿಮಿಷಕ್ಕೆ ಹತ್ತಿರದ ಶಟಲ್‌ಗೇ ನಿಲ್ಲಿಸುತ್ತಾರೆ. ಅಲ್ಲಿ 4ಕ್ಕೆ 8, 6ಕ್ಕೆ 9, 8ಕ್ಕೆ 10. ಅವರ ಮಕ್ಕಳು ಏಳು ಲೆವೆಲ್ ಮುಗಿಸಿದಾಗ ಓಡಿರುವುದು 1180, ನಿಮ್ಮವರು 1220. ಶುರುವಿನ ವೇಗವನ್ನೂ ನೋಡಿ. ಸ್ಟಾಪ್‌ವಾಚ್ ಹಿಡಿದು ಮೊದಲ ಲೆವೆಲ್‌ನ ಏಳು ಶಟಲ್ ಅಳೆಯಿರಿ. 63 ಸೆಕೆಂಡ್ ಬಂದರೆ 8 ಕಿ.ಮೀ.ಯಿಂದ ಶುರು, 59ರ ಆಸುಪಾಸು ಬಂದರೆ 8.5ರಿಂದ. ಅವರದು ಹಾಗಿದ್ದರೆ ನನ್ನ ಸೂತ್ರದಲ್ಲಿ ಲೆವೆಲ್ 1ರ 8 ತೆಗೆದು 8.5 ಹಾಕಬೇಕು, H ಕಾಲಂ ಕೂಡ ಅವರ ಎಣಿಕೆಗೆ ತಕ್ಕಂತೆ ಬೇರೆ. ಲೆವೆಲ್ ಸಂಖ್ಯೆ ಹೋಲಿಸುವ ಬದಲು ಕೊನೆಯ ವೇಗ ಹೋಲಿಸಿ, ತಕರಾರು ಕಡಿಮೆ.

ಲೆಕ್ಕದ ಮಂಜ:
ಕೊನೆಯ ಶಟಲ್ ಅರ್ಧಕ್ಕೇ ಬಿಟ್ಟರೆ ಅದನ್ನೂ ಎಣಿಸ್ತೀರಾ? ನಾನಾದ್ರೆ ಎಣಿಸ್ತೀನಿ, ಓಡಿದ್ದಂತೂ ಓಡಿದ್ದಾರೆ.

ಶಿರಸಿ ಓಟಗಾರ್ತಿ:
ನಾನು ಎಣಿಸಲ್ಲ. ಬೀಪ್‌ಗೆ ಗೆರೆ ಮುಟ್ಟಿದ್ದು ಮಾತ್ರ ಲೆಕ್ಕ.

ಪಿಟಿ ಮೇಷ್ಟ್ರು:
ನಮ್ಮಲ್ಲಿ ಒಂದು ಸಲ ತಪ್ಪಿದರೆ ಎಚ್ಚರಿಕೆ, ಸತತ ಎರಡನೇ ಸಲ ತಪ್ಪಿದರೆ ಹೊರಗೆ. ಆ ಎಚ್ಚರಿಕೆ ಕೊಟ್ಟ ಶಟಲ್ ಎಣಿಸಬೇಕೋ ಬೇಡವೋ ಅಂತ ಸ್ಟಾಫ್‌ರೂಮಿನಲ್ಲಿ ಇನ್ನೂ ಜಗಳ ನಡೀತಿದೆ. ಸದ್ಯಕ್ಕೆ ಎಣಿಸದೆ ಶೀಟ್ ತುಂಬಿದ್ದೀನಿ.