ಶೇ. 40 ಗೆಲುವು, ಎರಡು ಪಟ್ಟು ಲಾಭ: ಟ್ರೇಡ್‌ಗೆ ಶೇ. 5 ರಿಸ್ಕ್ ತಗೊಳ್ಳಬಹುದಾ?

ಹೊಸಹೆಜ್ಜೆ: ನನ್ನ ಸಿಸ್ಟಮ್‌ನ ಹಿಂದಿನ 100 ಟ್ರೇಡ್‌ಗಳಲ್ಲಿ 40 ಗೆದ್ದಿವೆ. ಗೆದ್ದಾಗ ಸರಾಸರಿ 2 ಆರ್, ಸೋತಾಗ 1 ಆರ್; ಆರ್ ಅಂದರೆ ಒಂದು ಟ್ರೇಡ್‌ನಲ್ಲಿ ರಿಸ್ಕ್ ಇಟ್ಟ ಹಣ. ಪ್ರತಿ ಟ್ರೇಡ್‌ಗೂ ಬಂಡವಾಳದ ಶೇ. 5 ರಿಸ್ಕ್ ಇಡೋಣ ಅಂತಿದ್ದೇನೆ. ಅರ್ಧ ಬಂಡವಾಳ ಹೋದರೆ ನಿಲ್ಲಿಸಿಬಿಡುತ್ತೇನೆ. ಅಲ್ಲಿಗೆ ಬಂದು ನಿಲ್ಲುವ ಸಂಭವ ಎಷ್ಟು? ನೀವು ಎಷ್ಟು ಇಡ್ತೀರಿ? ಅನುಭವ ಇದ್ದವರು ಹೇಳಿ.

ಸಂಜೆಮಲ್ಲಿಗೆ: ಧೈರ್ಯವಾಗಿ ಇಡಿ. ನಾನು ಶುರುವಿನಿಂದಲೂ ಶೇ. 5 ಇಟ್ಟೇ ಮಾಡುತ್ತಿದ್ದೇನೆ, ಇವತ್ತಿಗೂ ಅಕೌಂಟ್ ಮೇಲೆಯೇ ಇದೆ. ಅರ್ಧ ಹೋಗಬೇಕು ಅಂದ್ರೆ ಸಾಲಾಗಿ 10 ಸೋಲು ಬರಬೇಕು. 0.6 ಅನ್ನು 10 ಸಲ ಗುಣಿಸಿ ನೋಡಿ, 0.006 ಬರುತ್ತೆ. ಶೇ. 1 ಕೂಡ ಇಲ್ಲ! ಶೇ. 1 ರಿಸ್ಕ್ ಇಟ್ಟುಕೊಂಡು ಕೂತವರನ್ನೂ ನೋಡಿದ್ದೇನೆ. ಚಾರ್ಜಸ್ ಕಳೆದ ಮೇಲೆ ಅವರ ಕೈಗೆ ಏನೂ ಉಳಿಯಲ್ಲ. ಈ ಭಯ ಹುಟ್ಟಿಸುವವರ ಮಾತು ಕೇಳಬೇಡಿ.

ಬೆಟ್ಟದತುದಿ: ಶೇ. 5 ಸ್ಟಾಪ್ ಲಾಸ್ ತುಂಬಾ ಹತ್ತಿರ ಆಯ್ತು. ನಾನು ಹಾಗೆ ಇಟ್ಟಾಗೆಲ್ಲ ಸ್ಟಾಪ್ ಮುಟ್ಟಿ, ಆಮೇಲೆ ಬೆಲೆ ನನ್ನ ಕಡೆಗೇ ತಿರುಗುತ್ತಿತ್ತು. ಈಗ ಶೇ. 8 ಇಡುತ್ತೇನೆ, ನೆಮ್ಮದಿ.

ಲೆಕ್ಕದಕ್ಕ: ಬೆಟ್ಟದತುದಿ ಅವರೇ, ಅವರು ಕೇಳಿದ್ದು ಬಂಡವಾಳದ ಶೇ. 5. ಖರೀದಿ ಬೆಲೆಯಿಂದ ಸ್ಟಾಪ್ ಎಷ್ಟು ದೂರ ಅನ್ನುವುದು ಬೇರೆ ಮಾತು.

ಸಂಜೆಮಲ್ಲಿಗೆಯವರೇ, ನಿಮ್ಮ ಗುಣಾಕಾರ ಸರಿ, ಪ್ರಶ್ನೆಯೇ ಬೇರೆ. ನೀವು ಲೆಕ್ಕ ಹಾಕಿದ್ದು ಮೊದಲ 10 ಟ್ರೇಡೂ ಸೋಲುವ ಸಂಭವ. ಅರ್ಧಕ್ಕೆ ಇಳಿಯಲು ಅದೊಂದೇ ದಾರಿಯಾ? 14 ಸೋಲಿನ ಮಧ್ಯೆ 2 ಗೆಲುವು ಬಂದರೂ ಲೆಕ್ಕ ಮೈನಸ್ 10 ಆರ್‌ಗೇ ಬಂದು ನಿಲ್ಲುತ್ತೆ. 20 ಸೋಲು, 5 ಗೆಲುವು ಆದರೂ ಅಷ್ಟೇ. ಅಕೌಂಟ್‌ಗಳು ಅರ್ಧ ಆಗುವುದು ಹೆಚ್ಚಾಗಿ ಹೀಗೇ, ನಿಧಾನವಾಗಿ, ನಡುನಡುವೆ ಗೆಲ್ಲುತ್ತಲೇ. ಇನ್ನು ಸಾಲು ಸೋಲಿನ ಮಾತೇ ತಗೊಂಡರೂ, 200 ಟ್ರೇಡ್ ಮಾಡಿದರೆ ಎಲ್ಲಾದರೂ ಒಂದು ಕಡೆ ಸಾಲಾಗಿ 10 ಸೋಲು ಬರುವ ಸಂಭವ ಸುಮಾರು ಶೇ. 37.

ಲಾಭ ಸರಿಯಾಗಿ 2 ಆರ್ ಇದ್ದಾಗ ಲೆಕ್ಕ ಸುಲಭ:

```
x = (sqrt(1 + 4*q/p) - 1) / 2
ruin = x ** N
```

ಇಲ್ಲಿ ಗೆಲ್ಲುವ ಸಂಭವ p 0.4, ಸೋಲುವ ಸಂಭವ q 0.6. ಆಗ x ಸುಮಾರು 0.823. ಮೊದಲ ಬಂಡವಾಳದ ಶೇ. 5 ಅನ್ನೇ ಪ್ರತಿಸಲ ಇಟ್ಟರೆ ಅರ್ಧ ಅಂದರೆ 10 ಆರ್, ಹಾಗಾಗಿ N 10. ಉತ್ತರ ಶೇ. 14. ಅದೇ ಶೇ. 2 ಇಟ್ಟರೆ N 25, ಉತ್ತರ ಶೇ. 0.8ಕ್ಕೆ ಇಳಿಯುತ್ತೆ. ಇದು ಯಾವಾಗಲಾದರೂ ಒಮ್ಮೆ ಅಲ್ಲಿಗೆ ಮುಟ್ಟುವ ಸಂಭವ, ಒಂದು ವರ್ಷದ್ದಲ್ಲ. ನಾನು ಇಡುವುದು ಶೇ. 1.

ಸಂಜೆಮಲ್ಲಿಗೆ: ಯಾರು ಮೊದಲ ಬಂಡವಾಳದ ಶೇ. 5 ಇಡ್ತಾರೆ? ನಾನು ಇಡುವುದು ಉಳಿದಿರೋದರ ಶೇ. 5. ಸೋತಂತೆಲ್ಲ ಸೈಜ್ ತಾನಾಗೇ ಇಳಿಯುತ್ತೆ. ಅರ್ಧ ಆಗೋಕೆ ಸಾಲಾಗಿ 14 ಸೋಲು ಬೇಕು. ಶೂನ್ಯಕ್ಕೆ ಹೋಗೋ ಮಾತೇ ಇಲ್ಲ. ನಿಮ್ಮ ಫಾರ್ಮುಲಾ ನನಗೆ ಲಾಗೂ ಆಗಲ್ಲ ಅಕ್ಕ.

ಲೆಕ್ಕದಕ್ಕ: ಅದನ್ನು ಒಪ್ಪುತ್ತೇನೆ. ಹಾಗೆ ಇಟ್ಟರೆ ಶೇ. 14 ಇದ್ದದ್ದು ಹೆಚ್ಚುಕಡಿಮೆ ಶೇ. 12 ಆಗುತ್ತೆ. ಅಷ್ಟೇ ವ್ಯತ್ಯಾಸ. ಈ ಸಿಸ್ಟಮ್‌ಗೆ ಕೆಲ್ಲಿ, ಅಂದರೆ ಬಂಡವಾಳವನ್ನು ದೀರ್ಘಕಾಲದಲ್ಲಿ ಅತಿ ವೇಗವಾಗಿ ಬೆಳೆಸುವ ರಿಸ್ಕ್, ಬರುವುದು ಶೇ. 10. ನೀವು ಅದರ ಅರ್ಧದಲ್ಲಿದ್ದೀರಿ. ಪೂರ್ತಿ ಕೆಲ್ಲಿ ಇಟ್ಟವರಿಗೆ ಒಮ್ಮೆಯಾದರೂ ಅರ್ಧ ಆಗುವ ಸಂಭವ ಸುಮಾರು ಶೇ. 50. ಶೂನ್ಯ ಆಗಲ್ಲ ಅನ್ನುವುದು ಕಾಗದದ ಮೇಲಿನ ಸಮಾಧಾನ. ಅರ್ಧ ಕಳೆದವರು ಮೊದಲಿನ ಜಾಗಕ್ಕೆ ಬರಲು ಉಳಿದದ್ದನ್ನು ಎರಡರಷ್ಟು ಮಾಡಬೇಕು.

ನಡುರಾತ್ರಿ: ಇಬ್ಬರೂ 1 ಆರ್ ಸೋಲು ಅಂದ್ರೆ ನಿಜವಾಗಲೂ 1 ಆರ್ ಅಂತ ನಂಬಿಕೊಂಡು ಜಗಳ ಆಡ್ತಿದ್ದೀರಿ. ನನ್ನದು ಕೇಳಿ. ಟ್ರೇಡ್‌ಗೆ ಶೇ. 2. ಶಿಸ್ತಾಗಿ, ಒಂದು ದಿನವೂ ತಪ್ಪದೆ. ಮೂರು ಪೊಸಿಷನ್, ಮೂರೂ ಲಾಂಗ್, ಮೂರಕ್ಕೂ ಸಿಸ್ಟಮ್‌ನಲ್ಲೇ ಸ್ಟಾಪ್ ಹಾಕಿತ್ತು. ಮಾರ್ಕೆಟ್ ಮುಚ್ಚಿದ ಮೇಲೆ ಕೆಟ್ಟ ಸುದ್ದಿ ಬಂತು. ಬೆಳಿಗ್ಗೆ ಓಪನ್ ಆಗಿದ್ದೇ ಸ್ಟಾಪ್‌ಗಿಂತ ಎಷ್ಟೋ ಕೆಳಗೆ. ಸ್ಟಾಪ್ ಆರ್ಡರ್ ಸಿಕ್ಕ ಬೆಲೆಗೆ ಹೊಡೆಯಿತು. ಒಂದೊಂದರಲ್ಲೂ 3.5 ಆರ್. ಶೇ. 2 × 3.5 × 3, ಒಟ್ಟು ಶೇ. 21 ಒಂದೇ ಬೆಳಿಗ್ಗೆ. ಆ ಹೊತ್ತಲ್ಲಿ ಬ್ರೋಕರ್ ಆ್ಯಪ್ ಲಾಗಿನ್ ಕೂಡ ಆಗಲಿಲ್ಲ. ಕಂಪ್ಲೇಂಟ್ ಕೊಟ್ಟರೆ ನೆಟ್‌ವರ್ಕ್ ನಿಮ್ಮದು ಅಂದರು. ಈ ಫಾರ್ಮುಲಾದಲ್ಲಿ ಗ್ಯಾಪ್ ಎಲ್ಲಿದೆ? ಮೂರು ಪೊಸಿಷನ್ ಒಟ್ಟಿಗೆ ಬಿದ್ದರೆ ಅದು ಮೂರು ಟ್ರೇಡಾ, ಒಂದಾ?

ಅದು ಬಿಡಿ, ದಿನನಿತ್ಯದ ಸೋರಿಕೆ ನೋಡಿ. ಹೋದ ವರ್ಷದ ನನ್ನ ಪಟ್ಟಿಯಿಂದ ಆ ಗ್ಯಾಪ್ ದಿನವನ್ನು ತೆಗೆದೇ ಲೆಕ್ಕ ಹಾಕಿದೆ. ಸ್ಲಿಪೇಜ್, ಬ್ರೋಕರೇಜ್, ತೆರಿಗೆ ಎಲ್ಲ ಸೇರಿ ಸರಾಸರಿ ಸೋಲು 1.1 ಆರ್, ಗೆಲುವು 1.8 ಆರ್. ಚಾರ್ಟ್‌ನಲ್ಲಿ 1 ಮತ್ತು 2 ಅಂತಲೇ ಕಾಣುತ್ತಿತ್ತು.

ಸಂಜೆಮಲ್ಲಿಗೆ: ರಾತ್ರಿ ಇಟ್ಟುಕೊಂಡಿದ್ದು ನಿಮ್ಮ ಆಯ್ಕೆ. ನಾನು ಇಂಟ್ರಾಡೇ ಮಾತ್ರ. ಅದನ್ನೆಲ್ಲ ನಮ್ಮ ಮೇಲೆ ಹಾಕಬೇಡಿ.

ನಡುರಾತ್ರಿ: ಇಂಟ್ರಾಡೇನಲ್ಲಿ ಬೆಲೆ ದಿನದ ಮಿತಿ ಮುಟ್ಟಿ, ಸರ್ಕ್ಯೂಟ್ ಹೊಡೆದು ಲಾಕ್ ಆದರೆ ಸ್ಟಾಪ್ ಯಾರು ತಗೊಳ್ತಾರೆ? ಇನ್ನೂ ನೋಡಿಲ್ಲ, ಅದಕ್ಕೇ ಇಷ್ಟು ಜೋರು.

ಲೆಕ್ಕದಕ್ಕ: ನಡುರಾತ್ರಿ ಅವರು ಕೊಟ್ಟ 1.8 ಮತ್ತು 1.1 ಈ ಇಡೀ ಚರ್ಚೆಯಲ್ಲೇ ದೊಡ್ಡ ವಿಷಯ. ಶೇ. 40 ಗೆಲುವಿಗೆ ಟ್ರೇಡ್‌ಗೆ 0.2 ಆರ್ ಉಳಿಯುತ್ತಿತ್ತು. ಈಗ ಉಳಿಯುವುದು 0.06. ಅರ್ಧ ಆಗುವ ಸಂಭವ ಶೇ. 5 ರಿಸ್ಕ್‌ಗೆ 14ರಿಂದ ಸುಮಾರು 55ಕ್ಕೆ ಏರುತ್ತೆ. ಶೇ. 2 ಇಟ್ಟರೂ ಸುಮಾರು 22. ಒಟ್ಟಿಗೆ ಬೀಳುವ ಪೊಸಿಷನ್‌ಗಳನ್ನು ನಾನು ಒಂದೇ ಟ್ರೇಡ್ ಅಂತ ಎಣಿಸುತ್ತೇನೆ. ಮೂರೂ ಸೇರಿ ಶೇ. 2 ಮೀರಬಾರದು.

ಇನ್ನೊಂದು, ಹೊಸಹೆಜ್ಜೆಯವರು ಗಮನಿಸಬೇಕು. 100 ಟ್ರೇಡ್‌ನಿಂದ ಬಂದ ಶೇ. 40 ಗಟ್ಟಿ ಸಂಖ್ಯೆ ಅಲ್ಲ. ಆಚೀಚೆ 5 ಸರಿಯುವುದು ಮಾಮೂಲಿ. ನಿಜವಾದ ಗೆಲುವು ಶೇ. 35 ಆಗಿದ್ದರೆ, ಲಾಭ ಪೂರ್ತಿ 2 ಆರ್ ಸಿಕ್ಕರೂ x 0.952 ಆಗುತ್ತೆ. ಶೇ. 5 ರಿಸ್ಕ್‌ಗೆ ಸಂಭವ ಶೇ. 61, ಶೇ. 2ಕ್ಕೆ 29. ಶೇ. 33.3ಕ್ಕೆ ಬಂದರೆ x 1 ಆಗಿಬಿಡುತ್ತೆ. ಆಗ ಎಷ್ಟು ಕಡಿಮೆ ಇಟ್ಟರೂ ಮುಳುಗುವುದು ಖಂಡಿತ, ತಡ ಆಗುತ್ತೆ ಅಷ್ಟೇ. ಅದಕ್ಕೇ ನಾನು ನನ್ನ ವಿನ್ ರೇಟ್‌ನಲ್ಲಿ 5 ಕಳೆದು ಫಾರ್ಮುಲಾಗೆ ಹಾಕುತ್ತೇನೆ. ನಂಗೆ ಶೇ. 1 ಬಂದಿದ್ದು ಹಾಗೆ.

ಸಂಜೆಮಲ್ಲಿಗೆ: 5 ಕಳೆಯೋದು, 10 ಕಳೆಯೋದು, ಹೀಗೆ ಕಳೆಯುತ್ತಾ ಹೋದರೆ ಯಾವ ಸಿಸ್ಟಮ್ ಉಳಿಯುತ್ತೆ? ನಾನು ಹತ್ತು ವರ್ಷದ ಡೇಟಾ ಮೇಲೆ ಬ್ಯಾಕ್‌ಟೆಸ್ಟ್ ಮಾಡಿದ್ದೇನೆ. ಸಾವಿರಕ್ಕೂ ಜಾಸ್ತಿ ಟ್ರೇಡ್.

ಲೆಕ್ಕದಕ್ಕ: ಸಾವಿರ ಇದ್ದರೆ ಆಚೀಚೆ ಒಂದೂವರೆಗೆ ಇಳಿಯುತ್ತೆ, ಅದು ಒಳ್ಳೆಯದೇ. ಆದರೆ ಎಷ್ಟು ಸೆಟ್ಟಿಂಗ್ ಬದಲಾಯಿಸಿ ನೋಡಿ ಅದನ್ನು ಆರಿಸಿದಿರಿ? ಅತ್ಯುತ್ತಮವಾಗಿ ಬಂದದ್ದನ್ನೇ ಆರಿಸಿದ್ದರೆ ಆ ಸಂಖ್ಯೆ ನಿಜಕ್ಕಿಂತ ಮೇಲಿರುತ್ತೆ.

ಸಂಜೆಮಲ್ಲಿಗೆ: ನನ್ನ ಅಕೌಂಟ್ ಲಾಭದಲ್ಲಿದೆ, ನಿಮಗೆ ಯಾಕೆ ಲೆಕ್ಕ ಒಪ್ಪಿಸಲಿ?

ಹೊಸಹೆಜ್ಜೆ: ನನ್ನ 2 ಆರ್ ಚಾರ್ಟ್ ಬೆಲೆ ಮೇಲಿನದು, ಚಾರ್ಜಸ್ ಕಳೆದಿಲ್ಲ. 40ರಲ್ಲಿ ಎಷ್ಟೋ ಗೆಲುವು ಒಂದೇ ವಾರದ ಓಟದಲ್ಲಿ ಬಂದಿವೆ. ಅವನ್ನು ಒಂದೇ ಅಂತ ಎಣಿಸಬೇಕಾ?

ನಡುರಾತ್ರಿ: ಸೋಲನ್ನು ಒಟ್ಟಿಗೆ ಎಣಿಸೋದಾದರೆ ಗೆಲುವನ್ನೂ ಒಟ್ಟಿಗೇ ಎಣಿಸಬೇಕು. ಅಕ್ಕ ಇದನ್ನು ಒಪ್ತಾರೋ ನೋಡೋಣ.

ಲೆಕ್ಕದಕ್ಕ: ಒಪ್ಪುತ್ತೇನೆ. ಆಗ ನಿಮ್ಮ ಹತ್ತಿರ ಇರುವುದು 100 ಟ್ರೇಡ್ ಅಲ್ಲ ಹೊಸಹೆಜ್ಜೆಯವರೇ. ತಾರೀಖಿನ ಸಮೇತ ಪಟ್ಟಿ ಹಾಕಿ, ಎಷ್ಟು ಉಳಿಯುತ್ತೆ ಅಂತ ಎಣಿಸೋಣ.