ಅಪ್‌ಡೇಟ್: ಜಂಟಿ ಗುತ್ತಿಗೆಯ ಮೀಟಿಂಗ್ ಮಿನಿಟ್ಸ್

ನನ್ನ ಪ್ರಶ್ನೆ: "ನೀರಿನ ಯೋಜನೆಯಲ್ಲಿ ನಮ್ಮದು ಸಿವಿಲ್, ಪಾಲುದಾರ ಕಂಪನಿಯದು ಪಂಪು-ಮೋಟಾರು. ಪ್ರತಿ ಮೀಟಿಂಗಿಗೂ ಮಿನಿಟ್ಸ್ ಬರೆಯುತ್ತೇವೆ. ಆದರೂ ಯಾರಿಂದ ಕೆಲಸ ನಿಂತಿದೆ ಅಂತ ಗೊತ್ತಾಗಲ್ಲ. ಹೇಗೆ ಬರೆಯಬೇಕು?"

ಅದಕ್ಕೆ ನೀವು ಕೊಟ್ಟ ಸಲಹೆಯಂತೆ "ಪಂಪ್‌ಹೌಸ್ ಕೆಲಸ ಬಾಕಿ" ಎಂಬ ಒಂದೇ ಸಾಲನ್ನು ಒಡೆದು ಬರೆದೆವು. ಮೊದಲು ಪಾಲುದಾರ ಕಂಪನಿಯವರು ಫೌಂಡೇಶನ್ ಬೋಲ್ಟ್‌ನ ಅಂತಿಮ ಡ್ರಾಯಿಂಗ್ ಕೊಡಬೇಕು. ಆಮೇಲೆ ನಾವು ಕಾಂಕ್ರೀಟ್ ಹಾಕುತ್ತೇವೆ. ಕಾಂಕ್ರೀಟಿನ ಬಲ ನೋಡುವ 28 ದಿನದ ಕ್ಯೂಬ್ ಟೆಸ್ಟ್ ಪಾಸಾದ ಮೇಲೆ ಜಂಟಿ ಅಳತೆ ಮಾಡಿ ಜಾಗ ಒಪ್ಪಿಸುತ್ತೇವೆ. ಆಗಲೇ ಅವರು ಪಂಪು ಕೂರಿಸುವುದು. ಪ್ರತಿ ಹಂತಕ್ಕೂ ಕೊಡುವವರು, ಪಡೆಯುವವರು, ತಾರೀಖು, ಮುಗಿದದ್ದಕ್ಕೆ ಯಾವ ಕಾಗದ ಸಾಕ್ಷಿ ಎಂದು ಬರೆದೆವು. ಬರೆದ ಕೂಡಲೇ ಕಂಡಿತು: ಸಿವಿಲ್ ತಡವಲ್ಲ, ನಮ್ಮ ಕೈಯಲ್ಲಿದ್ದದ್ದು ಹಳೆಯ ರಿವಿಷನ್ ಡ್ರಾಯಿಂಗ್. ಈಗ ರಿವಿಷನ್ ನಂಬರೂ ಮಿನಿಟ್ಸ್‌ನಲ್ಲಿ ಇರುತ್ತದೆ.

ಹಣದ ಜಗಳವೇ ಜಾಸ್ತಿ ಇತ್ತು. "ಬಿಲ್ ಆಗಿದೆ" ಅಂದರೆ ಸಲ್ಲಿಸಿದ್ದಾ, ಇಲಾಖೆ ಪಾಸು ಮಾಡಿದ್ದಾ, ಜಂಟಿ ಖಾತೆಗೆ ಬಂದದ್ದಾ? ಮೂರಕ್ಕೂ ಬೇರೆ ತಾರೀಖು ಹಾಕಿದೆವು. ಟಿಡಿಎಸ್, ಇಲಾಖೆ ಹಿಡಿದಿಟ್ಟುಕೊಳ್ಳುವ ರಿಟೆನ್ಷನ್ ಹಣ ಕಳೆದು ಉಳಿದದ್ದನ್ನೇ ಹಂಚುತ್ತೇವೆ.

ಒಂದು ಮಾತ್ರ ಬಗೆಹರಿದಿಲ್ಲ. ಅವರ ತಡದಿಂದ ಇಲಾಖೆ ದಂಡ ಹಾಕಿದರೆ ಯಾರ ಪಾಲಿನಿಂದ ಕಳೆಯಬೇಕು? ಅದನ್ನು ಮಿನಿಟ್ಸ್‌ನಲ್ಲಿ ತೀರ್ಮಾನಿಸದೆ, ನಮ್ಮಿಬ್ಬರ ಜಂಟಿ ಗುತ್ತಿಗೆಯ ಒಪ್ಪಂದಕ್ಕೆ ತಿದ್ದುಪಡಿ ಕೇಳಿದ್ದೇವೆ.