ಬೆಳಗಾವಿಯೋ ಸ್ಟುಟ್‌ಗಾರ್ಟೋ: ಜರ್ಮನ್ ಖರೀದಿದಾರರೊಂದಿಗಿನ ಕರಾರಿನಲ್ಲಿ ನ್ಯಾಯವ್ಯಾಪ್ತಿ

ಪ್ರಶ್ನೆ, ಬೆಳಗಾವಿಯ ಫೌಂಡ್ರಿ ಮಾಲೀಕರಿಂದ

ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಜರ್ಮನಿಯ ಪಂಪ್ ತಯಾರಕರೊಬ್ಬರಿಗೆ ಕಾಸ್ಟಿಂಗ್ ಪೂರೈಸುವ ಮೂರು ವರ್ಷದ ಕರಾರು ಸಿದ್ಧವಾಗುತ್ತಿದೆ. ಅವರ ಕರಡಿನಲ್ಲಿ ಜರ್ಮನ್ ಕಾನೂನು, ಸ್ಟುಟ್‌ಗಾರ್ಟ್ ನ್ಯಾಯಾಲಯ ಎಂದಿದೆ. ಭಾರತದ ಕಾನೂನು, ಬೆಳಗಾವಿ ನ್ಯಾಯಾಲಯ ಎಂದು ನಾವು ಪಟ್ಟು ಹಿಡಿಯಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯ ಲೆಕ್ಕಪರಿಶೋಧಕರು

ಬೆಳಗಾವಿಯನ್ನು ಖಂಡಿತ ಬಿಟ್ಟುಕೊಡಬೇಡಿ. ನೀವು ಸಣ್ಣ ಉದ್ದಿಮೆಯಾಗಿ ನೋಂದಾಯಿಸಿಕೊಂಡಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಬೆನ್ನಿಗಿದೆ. ಹಣ ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಿಗುತ್ತದೆ, ಸೌಲಭ್ಯ ಮಂಡಳಿಗೆ ದೂರು ಕೊಡಬಹುದು, ಕರಾರಿನಲ್ಲಿ ಬೇರೆ ಏನೇ ಬರೆದಿದ್ದರೂ ಆ ಕಾಯ್ದೆಯೇ ಮೇಲು. ನಮ್ಮ ಹಲವು ಕಕ್ಷಿದಾರರಿಗೆ ಈ ದಾರಿಯಲ್ಲೇ ಬಾಕಿ ವಸೂಲಾಗಿದೆ.

ಬೆಂಗಳೂರಿನ ವಕೀಲರು

ಲೆಕ್ಕಪರಿಶೋಧಕರು ಹೇಳಿದ ಕಾಯ್ದೆಯ ಬಲ ನಿಜ, ಆದರೆ ಅದು ಈ ಖರೀದಿದಾರರನ್ನು ಮುಟ್ಟುವುದಿಲ್ಲ. 18ನೇ ಕಲಮಿನ ಪ್ರಕಾರ ಮಂಡಳಿಯ ಅಧಿಕಾರವು ಭಾರತದೊಳಗೆ ಎಲ್ಲಿಯೇ ಇರುವ ಖರೀದಿದಾರರ ಮೇಲೆ ನಡೆಯುತ್ತದೆ. ಜರ್ಮನಿಯಲ್ಲಿರುವವರ ಮೇಲೆ ಅಲ್ಲ.

ಮಾಲೀಕರೇ, ವಿಚಾರಣೆ ಎಲ್ಲಿ ನಡೆಯಬೇಕು ಎಂಬುದಕ್ಕಿಂತ ಮೊದಲು ತೀರ್ಪು ಎಲ್ಲಿ ಜಾರಿಯಾಗಬೇಕು ಎಂದು ಕೇಳಿಕೊಳ್ಳಿ. ಒಂದು ಲೆಕ್ಕ ನೋಡೋಣ. ನೀವು 60,000 ಯೂರೋದ ಸರಕು ಕಳಿಸಿದ್ದೀರಿ, ಅವರು ಕಾಸ್ಟಿಂಗಿನೊಳಗೆ ಗಾಳಿಯ ತೂತು, ಅಂದರೆ ಬ್ಲೋಹೋಲ್ ಇದೆ ಎಂದು 22,000 ಯೂರೋ ಹಿಡಿದುಕೊಂಡಿದ್ದಾರೆ ಎನ್ನಿ. ಕರಾರಿನಲ್ಲಿ ಬೆಳಗಾವಿ ಎಂದಿರುವುದರಿಂದ ಇಲ್ಲಿ ದಾವೆ ಹೂಡುತ್ತೀರಿ. ಅವರು ಹಾಜರಾಗದೆ ಉಳಿಯಬಹುದು, ನಿಮಗೆ ಡಿಕ್ರಿ ಸಿಗಬಹುದು. ಆದರೆ ಅವರ ಬ್ಯಾಂಕ್ ಖಾತೆ ಇರುವುದು ಜರ್ಮನಿಯಲ್ಲಿ. ಭಾರತದ ಡಿಕ್ರಿಯನ್ನು ಅಲ್ಲಿ ಜಾರಿಗೊಳಿಸಲು ಎರಡು ದೇಶಗಳ ನಡುವೆ ಒಪ್ಪಂದವಿಲ್ಲ. ಜರ್ಮನಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 328ನೇ ಕಲಮು ವಿದೇಶಿ ತೀರ್ಪನ್ನು ಮಾನ್ಯ ಮಾಡುವ ಮುನ್ನ, ಆ ದೇಶವೂ ಜರ್ಮನ್ ತೀರ್ಪಿಗೆ ಅದೇ ಮನ್ನಣೆ ಕೊಡುತ್ತದೆಯೇ ಎಂದು ನೋಡುತ್ತದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ, ತೀರ್ಪು ಇಲ್ಲಿ ನೇರವಾಗಿ ಜಾರಿಯಾಗುವ ದೇಶಗಳಲ್ಲಿ ಬ್ರಿಟನ್, ಸಿಂಗಪುರ ಮತ್ತು 2020ರಿಂದ ಯುಎಇಯ ಹೆಸರುಗಳಿವೆ, ಜರ್ಮನಿಯದಿಲ್ಲ. ಹೀಗಾಗಿ ಡಿಕ್ರಿ ಕೈಯಲ್ಲಿದ್ದರೂ ಅಲ್ಲಿ ಮತ್ತೆ ಮೊದಲಿನಿಂದ ಹೋರಾಡಬೇಕಾದ ಸ್ಥಿತಿ ಬರಬಹುದು. ಇನ್ನೂ ಕೆಟ್ಟದ್ದೆಂದರೆ, ಬೆಳಗಾವಿಗೆ ಮಾತ್ರ ಅಧಿಕಾರ ಎಂದು ನೀವೇ ಬರೆಸಿಕೊಂಡಿದ್ದರೆ, ಅಲ್ಲಿ ದಾವೆ ಹೂಡಿದಾಗ ಅವರು ಅದೇ ಷರತ್ತನ್ನು ನಿಮಗೆ ಅಡ್ಡ ಹಿಡಿಯುತ್ತಾರೆ.

ಇದಕ್ಕೆ ನಾನು ಸೂಚಿಸುವುದು ಮಧ್ಯಸ್ಥಿಕೆಯನ್ನು. ವಿದೇಶಿ ಮಧ್ಯಸ್ಥಿಕೆ ತೀರ್ಪುಗಳನ್ನು ಮಾನ್ಯ ಮಾಡುವ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಎರಡೂ ದೇಶಗಳು ಸೇರಿವೆ. ಬೆಂಗಳೂರನ್ನು ಪೀಠಸ್ಥಳವಾಗಿಟ್ಟು ಪಡೆದ ಮಧ್ಯಸ್ಥಿಕೆ ತೀರ್ಪಿಗೆ ಜರ್ಮನಿಯಲ್ಲಿ ಆ ಒಡಂಬಡಿಕೆಯ ಆಸರೆ ಇದೆ, ಬೆಳಗಾವಿಯ ಡಿಕ್ರಿಗೆ ಇಲ್ಲ. ಅವರು ಬೆಂಗಳೂರನ್ನು ಒಪ್ಪದಿದ್ದರೆ ಸಿಂಗಪುರವನ್ನು ಕೇಳಿ. ವೆಚ್ಚ ತಗ್ಗಬೇಕಾದರೆ ಒಬ್ಬರೇ ಮಧ್ಯಸ್ಥರು, ಇಂಗ್ಲಿಷ್ ಭಾಷೆ ಎಂದು ಈಗಲೇ ಬರೆಸಿ.

ಚಿಕ್ಕಮಗಳೂರಿನ ಕಾಫಿ ರಫ್ತುದಾರರು

ಇಷ್ಟು ತಲೆ ಕೆಡಿಸಿಕೊಳ್ಳುವುದು ಏಕೆ ಎಂದು ನನಗೆ ತಿಳಿಯಲಿಲ್ಲ. ನಾವು ಎಫ್‌ಒಬಿ ಮಂಗಳೂರು ಎಂದು ಮಾರುತ್ತೇವೆ. ಸರಕು ಹಡಗು ಏರಿದ ಮೇಲೆ ಹೊಣೆ ಖರೀದಿದಾರರದು, ವ್ಯವಹಾರ ಮುಗಿದದ್ದು ಮಂಗಳೂರಿನಲ್ಲಿ. ಆದ್ದರಿಂದ ವ್ಯಾಜ್ಯವೂ ಮಂಗಳೂರಿನದೇ ಅಲ್ಲವೇ? ನಮ್ಮ ಕರಾರುಗಳು ಯುರೋಪಿನ ಕಾಫಿ ವ್ಯಾಪಾರದ ಪ್ರಮಾಣಿತ ನಮೂನೆಯಲ್ಲೇ ಇರುತ್ತವೆ. ಒಮ್ಮೆ ಗುಣಮಟ್ಟದ ತಕರಾರು ಬಂದಾಗ ಕಾಫಿ ಬಲ್ಲ ಮಧ್ಯಸ್ಥರೇ ಮಾದರಿ ನೋಡಿ ತೀರ್ಮಾನಿಸಿದರು. ಯಾವ ನ್ಯಾಯಾಲಯಕ್ಕೂ ಹೋಗಬೇಕಾಗಲಿಲ್ಲ.

ಬೆಂಗಳೂರಿನ ವಕೀಲರು

ಎಫ್‌ಒಬಿ ಎಂಬುದು ಸರಕಿನ ಹೊಣೆ ಮತ್ತು ಸಾಗಣೆ ವೆಚ್ಚ ಎಲ್ಲಿ ಕೈ ಬದಲಾಗುತ್ತದೆ ಎಂಬುದನ್ನು ಹೇಳುತ್ತದೆ. ಯಾವ ಕಾನೂನು, ಯಾವ ನ್ಯಾಯಾಲಯ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ನಿಮ್ಮನ್ನು ಕಾಪಾಡಿದ್ದು ಆ ನಮೂನೆಯೊಳಗಿನ ಮಧ್ಯಸ್ಥಿಕೆಯ ಷರತ್ತು. ಕಾಫಿಗೆ ಇರುವ ಅಂಥ ಸಿದ್ಧ ವ್ಯವಸ್ಥೆ ಪಂಪಿನ ಕಾಸ್ಟಿಂಗಿಗೆ ಇಲ್ಲದ್ದರಿಂದ ಫೌಂಡ್ರಿಯವರು ಅದನ್ನು ತಾವೇ ಬರೆದುಕೊಳ್ಳಬೇಕು.

ಸ್ಟುಟ್‌ಗಾರ್ಟ್ ಬಳಿ ಖರೀದಿ ವಿಭಾಗದಲ್ಲಿರುವ ಕನ್ನಡಿಗರು

ವಕೀಲರ ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. 22,000 ಯೂರೋ ವಸೂಲಿಗೆ ಸಿಂಗಪುರದ ಮಧ್ಯಸ್ಥಿಕೆಯಲ್ಲಿ ಆಗುವ ಖರ್ಚು ವಸೂಲಾಗುವ ಹಣವನ್ನೇ ನುಂಗಬಹುದು. ಹಣ ಕೇಳುವವರು ಸಾಮಾನ್ಯವಾಗಿ ಮಾರಾಟಗಾರರೇ ಆದ್ದರಿಂದ, ಖರೀದಿದಾರರ ಊರಿನ ನ್ಯಾಯಾಲಯ ನಿಮಗೆ ಕೆಟ್ಟದ್ದೇನಲ್ಲ: ಅಲ್ಲಿಯ ತೀರ್ಪು ಅವರ ಖಾತೆಯ ಮೇಲೆ ನೇರವಾಗಿ ನಡೆಯುತ್ತದೆ. ಆದರೆ ನೀವು ಯುರೋಪಿಯನ್ ಒಕ್ಕೂಟದ ಹೊರಗಿನ ವಾದಿಯಾದ್ದರಿಂದ ಎದುರು ಪಕ್ಷದವರು ಕೇಳಿದರೆ ದಾವಾ ವೆಚ್ಚಕ್ಕೆ ಮುಂಗಡ ಭದ್ರತೆ ಇಡಬೇಕಾಗುತ್ತದೆ, ಸೋತರೆ ಅವರ ವಕೀಲರ ಶುಲ್ಕವೂ ನಿಮ್ಮ ಮೇಲೆ ಬೀಳುತ್ತದೆ.

ಜರ್ಮನ್ ಕಾನೂನು ಎಂದೊಡನೆ ಹೆದರಬೇಡಿ. ಒಂದು ಪಕ್ಷ ತಾನೇ ಅಚ್ಚು ಹಾಕಿ ಎಲ್ಲರಿಗೂ ಕೊಡುವ ಸಿದ್ಧ ಷರತ್ತುಗಳು ವಿಪರೀತ ಏಕಪಕ್ಷೀಯವಾಗಿದ್ದರೆ, ಎರಡೂ ಕಡೆ ವ್ಯಾಪಾರಿಗಳೇ ಇದ್ದರೂ, ಅಲ್ಲಿಯ ನ್ಯಾಯಾಲಯ ಅವನ್ನು ತಳ್ಳಿಹಾಕಬಲ್ಲದು. ಇದು ನಿಮ್ಮಂಥ ಪೂರೈಕೆದಾರರಿಗೆ ಅನುಕೂಲ. ಇನ್ನೊಂದನ್ನು ಕರಡಿನಲ್ಲಿ ಹುಡುಕಿ. ಅಂತಾರಾಷ್ಟ್ರೀಯ ಸರಕು ಮಾರಾಟದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಜರ್ಮನಿ ಸೇರಿದೆ, ಭಾರತ ಸೇರಿಲ್ಲ. ಆದರೂ ಜರ್ಮನ್ ಕಾನೂನನ್ನು ಆಯ್ದುಕೊಂಡರೆ, ಬೇಡವೆಂದು ಬರೆಯದ ಹೊರತು ಆ ಒಡಂಬಡಿಕೆಯೂ ಅದರೊಂದಿಗೆ ಬರುತ್ತದೆ. ಆಗ ಖರೀದಿದಾರರು ದೋಷವನ್ನು ಸಮಂಜಸ ಅವಧಿಯಲ್ಲಿ, ಹೆಚ್ಚೆಂದರೆ ಸರಕು ಕೈಸೇರಿದ ಎರಡು ವರ್ಷದೊಳಗೆ ತಿಳಿಸಿದರೆ ಸಾಕು. ಅದನ್ನು ಕೈಬಿಟ್ಟರೆ, ಸರಕನ್ನು ತಡಮಾಡದೆ ಪರೀಕ್ಷಿಸಿ ದೋಷವನ್ನು ಕೂಡಲೇ ತಿಳಿಸಬೇಕೆಂಬ ಜರ್ಮನ್ ವಾಣಿಜ್ಯ ಸಂಹಿತೆಯ 377ನೇ ಕಲಮು ನಡೆಯುತ್ತದೆ. ಬ್ಲೋಹೋಲ್ ಮೆಷಿನಿಂಗ್ ಆದ ಮೇಲಷ್ಟೇ ಕಾಣುವುದುಂಟು, ಆದ್ದರಿಂದ ಅವಧಿ ಯಾವಾಗಿನಿಂದ ಎಣಿಕೆಯಾಗಬೇಕು ಎಂಬುದನ್ನೂ ಬರೆಸಿಕೊಳ್ಳಿ.

ಬೆಂಗಳೂರಿನ ವಕೀಲರು

ಸಣ್ಣ ಮೊತ್ತದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಅಚ್ಚು, ಪ್ಯಾಟರ್ನಿಗೆಂದು ದೊಡ್ಡ ಹಣ ಹೂಡುವ ಮೂರು ವರ್ಷದ ಕರಾರಿಗೆ ಮಾತ್ರ ಮಧ್ಯಸ್ಥಿಕೆಯೇ ಸರಿ ಎಂಬ ಅಭಿಪ್ರಾಯ ಬದಲಾಗಿಲ್ಲ. ಮಾಲೀಕರು ಗಮನಿಸಬೇಕಾದ ಮತ್ತೊಂದು ಮುಖವಿದೆ. ಸ್ಟುಟ್‌ಗಾರ್ಟಿನಲ್ಲಿ ಅವರು ನಿಮ್ಮ ಮೇಲೆ ಗೆದ್ದರೂ ಆ ತೀರ್ಪು ಬೆಳಗಾವಿಯಲ್ಲಿ ನೇರವಾಗಿ ಜಾರಿಯಾಗದು. ಅದರ ಆಧಾರದ ಮೇಲೆ ಅವರು ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು, ಆಗ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನ ಆಕ್ಷೇಪಗಳು ನಿಮಗೆ ಲಭ್ಯ. ಹಾಗೆಂದು ಅಲ್ಲಿಯ ಸಮನ್ಸ್ ಕಡೆಗಣಿಸಬೇಡಿ, ಏಕೆಂದರೆ ಸಹಿ ಮಾಡಿದ ಷರತ್ತೇ ನೀವು ಆ ನ್ಯಾಯಾಲಯವನ್ನು ಒಪ್ಪಿದ್ದಕ್ಕೆ ಸಾಕ್ಷಿ.

ನಿಜಕ್ಕೂ ಅವರಿಗೆ ನ್ಯಾಯಾಲಯದ ಅಗತ್ಯವೇ ಕಡಿಮೆ. ಡೆಬಿಟ್ ನೋಟ್ ಕಳಿಸಿ ಮುಂದಿನ ಬಿಲ್ಲಿನಲ್ಲಿ ಕಡಿತ ಮಾಡಿಕೊಂಡರೆ ಮುಗಿಯಿತು, ಹಣಕ್ಕಾಗಿ ಓಡಾಡುವ ಸರದಿ ನಿಮ್ಮದಾಗುತ್ತದೆ. ಆದ್ದರಿಂದ ನ್ಯಾಯವ್ಯಾಪ್ತಿಗಿಂತ ಮೊದಲು ಕಡಿತದ ಷರತ್ತಿಗೆ ಪಟ್ಟು ಹಿಡಿಯಿರಿ: ನೀವು ಒಪ್ಪದ ಅಥವಾ ತೀರ್ಪಾಗದ ದೋಷಕ್ಕೆ ಕಡಿತವಿಲ್ಲ, ಗುಣಮಟ್ಟದ ಬಗ್ಗೆ ಒಮ್ಮತವಾಗದಿದ್ದರೆ ಇಬ್ಬರೂ ಒಪ್ಪಿದ ಪ್ರಯೋಗಾಲಯದ ವರದಿಯೇ ಅಂತಿಮ ಎಂದು ಬರೆಸಿ.

ಬೆಳಗಾವಿಯ ಫೌಂಡ್ರಿ ಮಾಲೀಕರು

ಎಲ್ಲರಿಗೂ ಧನ್ಯವಾದಗಳು. ಕಡಿತದ ಷರತ್ತು ನನ್ನ ಗಮನಕ್ಕೇ ಬಂದಿರಲಿಲ್ಲ. ಕರಡಿನಲ್ಲಿ ಅವರಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಂತಿದೆ. ಒಂದು ಸಂಗತಿ ಹೇಳಲು ಮರೆತಿದ್ದೆ: ಕೆಲವು ಪರ್ಚೇಸ್ ಆರ್ಡರ್‌ಗಳು ಪುಣೆಯಲ್ಲಿರುವ ಅವರ ಅಂಗಸಂಸ್ಥೆಯ ಹೆಸರಿನಲ್ಲಿ ಬರಲಿವೆ, ಬಿಲ್ಲೂ ಅಲ್ಲಿಗೇ.

ಬೆಂಗಳೂರಿನ ವಕೀಲರು

ಹಾಗಾದರೆ ಆ ಆರ್ಡರ್‌ಗಳ ಮಟ್ಟಿಗೆ ಖರೀದಿದಾರರು ಭಾರತದೊಳಗಿನವರಾದರು, ಹುಬ್ಬಳ್ಳಿಯವರು ಹೇಳಿದ ಮಂಡಳಿಯ ದಾರಿ ತೆರೆಯಿತು. ಇಬ್ಬರೂ ಭಾರತೀಯ ಪಕ್ಷಗಳಾದಾಗ ಮಧ್ಯಸ್ಥಿಕೆಯ ಪೀಠಸ್ಥಳ ವಿದೇಶದಲ್ಲಿರಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಪಿಎಎಸ್‌ಎಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಅಂಥ ವ್ಯವಹಾರಕ್ಕೆ ಜರ್ಮನ್ ಕಾನೂನನ್ನು ಹೇರಿದರೆ ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದರಲ್ಲಿ ವಾದಕ್ಕೆ ಎಡೆಯಿದೆ. ಪುಣೆಯ ಆರ್ಡರ್‌ಗಳಿಗೆ ಪ್ರತ್ಯೇಕ ಕರಾರು ಕೇಳಿ, ಮುಖ್ಯ ಕರಾರಿನಲ್ಲಿ ‘ಖರೀದಿದಾರರು’ ಎಂದರೆ ಯಾರ್ಯಾರು ಎಂದು ಹೇಳುವ ಕಲಮನ್ನು ಈ ಚರ್ಚೆಯಲ್ಲಿ ನಮಗೂ ತೋರಿಸಿ.